ಓರೆ ಬರಹ, ಕತ್ತರಿಸಿಹೋದ ಅಂಚು: ಫೋಟೋದಲ್ಲಿ ಬಂದ ನೋಟ್ಸ್ ಓದುವುದು ಹೇಗೆ?

ನಾನು ಕಲಬುರಗಿಯಲ್ಲಿ ಸಂಜೆ ಹೊತ್ತು ಇತಿಹಾಸದ ಟ್ಯೂಷನ್ ಹೇಳುತ್ತೇನೆ. ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ಆಳಂದ ಕಡೆಯ ಒಬ್ಬ ವಿದ್ಯಾರ್ಥಿನಿ ಫೋನ್ ಹಿಡಿದುಕೊಂಡು ಬಂದಳು. "ಸರ್, ಇದು ಓದ್ಲಿಕ್ಕೇ ಬರವಲ್ದು ನೋಡ್ರಿ" ಎಂದಳು. ಮಳೆಗಾಲದಲ್ಲಿ ಹಳ್ಳ ತುಂಬಿ ಬಸ್ ನಿಂತು ಅವಳಿಗೆ ಎರಡು ದಿನ ಕ್ಲಾಸ್ ತಪ್ಪಿತ್ತು. ಆ ಎರಡು ದಿನದ ಪಾಠ ಬಹಮನಿ ರಾಜ್ಯದ್ದು. ಗೆಳತಿ ತನ್ನ ನೋಟ್‌ಬುಕ್ಕಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಆಗ ಯಾರೂ ತೆರೆದು ನೋಡಿರಲಿಲ್ಲ, ಈಗ ನೋಡಿದರೆ ಪುಟ ಓರೆ, ಅಕ್ಷರವೂ ಬಲಕ್ಕೆ ವಾಲಿದೆ, ಬಲಗಡೆ ಒಂದೆರಡು ಅಕ್ಷರ ಫೋಟೋದಿಂದಲೇ ಹೊರಗೆ, ಕೆಳಗಿನ ಸಾಲು ಅರ್ಧಕ್ಕೆ ಕತ್ತರಿಸಿದೆ.

ಇಂಥ ಫೋಟೋ ಈಗ ಎಲ್ಲರ ಫೋನಿನಲ್ಲೂ ಇರುತ್ತದೆ ಅಲ್ವಾ. ಆ ಒಂದು ಪುಟವನ್ನು ನಾವಿಬ್ಬರು ಕೂತು ಹೇಗೆ ಓದಿದೆವು ಎಂದು ಹೇಳುತ್ತೇನೆ.

ಮೊದಲು: ಅಂಚು ನಿಜವಾಗಿಯೂ ಹೋಗಿದೆಯಾ?

ವಾಟ್ಸಾಪ್ ಚಾಟ್‌ನಲ್ಲಿ ಕಾಣುವ ಚಿಕ್ಕ ಚಿತ್ರ ಪೂರ್ತಿ ಫೋಟೋ ಅಲ್ಲ. ಉದ್ದನೆಯ ಫೋಟೋ ಆದರೆ ಅಂಚು ಮುಚ್ಚಿಕೊಂಡು ನಡುವಿನ ಭಾಗವಷ್ಟೇ ಕಾಣುತ್ತದೆ. ಒತ್ತಿ ತೆರೆದರೆ ಎಷ್ಟೋ ಸಲ "ಹೋದ" ಅಂಚು ಅಲ್ಲೇ ಇರುತ್ತದೆ.

ತೆರೆದ ಮೇಲೂ ಇಲ್ಲವೆಂದರೆ ಕಳಿಸಿದವರನ್ನು ಒಂದು ಮಾತು ಕೇಳಬೇಕು: ಇದನ್ನು ಸ್ಕ್ಯಾನ್ ಮಾಡುವ ಆ್ಯಪ್‌ನಲ್ಲಿ ತೆಗೆದಿರಾ? ಆ ಆ್ಯಪ್‌ಗಳು ಪುಟದ ಅಂಚು ಎಲ್ಲಿದೆ ಎಂದು ತಾವೇ ಊಹಿಸಿ ಕತ್ತರಿಸುತ್ತವೆ. ಪುಟದ ಮೇಲೆ ನೆರಳು ಬಿದ್ದಿದ್ದರೆ ನೆರಳಿನ ಗೆರೆಯನ್ನೇ ಅಂಚು ಎಂದು ತಿಳಿದು ಕತ್ತರಿಸಿಬಿಡುತ್ತವೆ. ಹಾಗಾಗಿದ್ದರೆ ಮೂಲ ಫೋಟೋ ಅವರ ಫೋನಿನಲ್ಲಿ ಇನ್ನೂ ಇರಬಹುದು.

ಇನ್ನೊಂದು ವಿಷಯ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಎಂದು ಕಳಿಸಿದರೆ ಅದು ಚಿಕ್ಕದಾಗಿ ಬರುತ್ತದೆ, ಉದ್ದದ ಬದಿ ಸುಮಾರು 1600 ಚುಕ್ಕಿಗೆ ಇಳಿಯುತ್ತದೆ. ಎ4 ಹಾಳೆ 297 ಮಿ.ಮೀ. ಉದ್ದ. ಹಾಳೆ ಫೋಟೋ ತುಂಬ ಇದ್ದರೂ ಒಂದು ಮಿ.ಮೀ.ಗೆ ಐದು ಚುಕ್ಕಿ ಸಿಕ್ಕಿತು ಅಷ್ಟೇ. ಒಂದು ಚಿಕ್ಕ ಒತ್ತಕ್ಷರ ಒಂದೂವರೆ ಮಿ.ಮೀ. ಇದೆ ಎಂದುಕೊಳ್ಳಿ. ಅದನ್ನು ತೋರಿಸಲು ಎತ್ತರದಲ್ಲಿ ಏಳೆಂಟು ಚುಕ್ಕಿ ಮಾತ್ರ. ಏಳು ಚುಕ್ಕಿಯ ರಂಗೋಲಿಯಲ್ಲಿ ಎಷ್ಟು ಸೂಕ್ಷ್ಮ ಬಿಡಿಸಬಹುದೋ ಅಷ್ಟೇ ಅಲ್ಲಿ ಉಳಿದಿರುತ್ತದೆ. ಆಮೇಲೆ ಎಷ್ಟು ದೊಡ್ಡದು ಮಾಡಿದರೂ ಹೊಸ ಚುಕ್ಕಿ ಹುಟ್ಟುವುದಿಲ್ಲ. ಅದೇ ಫೋಟೋವನ್ನು Document ಎಂದು ಕಳಿಸಿದರೆ ಇದ್ದ ಅಳತೆಯಲ್ಲೇ ಬರುತ್ತದೆ. ಹಾಗೆ ಕಳಿಸಿ ಎಂದು ಕೇಳಿ.

ನಮ್ಮ ಹುಡುಗಿಯ ಗೆಳತಿ ಆ ದಿನ ಊರಿಗೆ ಹೋಗಿದ್ದಳು, ನೋಟ್‌ಬುಕ್ ರೂಮಿನಲ್ಲಿತ್ತು. ಮರುದಿನದವರೆಗೆ ಇದ್ದ ಫೋಟೋದಲ್ಲೇ ಓದಬೇಕಿತ್ತು.

ಓರೆ ಎಂದರೆ ಮೂರು ಬಗೆ

"ಓರೆ ಇದೆ" ಎಂದು ಒಂದೇ ಮಾತಿನಲ್ಲಿ ಹೇಳುತ್ತೇವೆ. ಆದರೆ ಅದರಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಸೇರಿರುತ್ತವೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಯಾವುದು ಯಾವುದು ಎಂದು ತಿಳಿಯಲು ಅಕ್ಷರ ನೋಡಬಾರದು, ನೋಟ್‌ಬುಕ್ಕಿನಲ್ಲಿ ಮೊದಲೇ ಅಚ್ಚಾಗಿರುವ ಗೆರೆ ನೋಡಬೇಕು. ಅಡ್ಡ ಗೆರೆಗಳು ಮತ್ತು ಎಡಗಡೆಯ ಕೆಂಪು ಮಾರ್ಜಿನ್ ಗೆರೆ.

ಗೆರೆಗಳೆಲ್ಲ ಒಂದಕ್ಕೊಂದು ಸಮವಾಗಿದ್ದು, ಮಾರ್ಜಿನ್ ಜೊತೆ ಸರಿಯಾದ ಮೂಲೆ ಮಾಡುತ್ತಾ, ಇಡೀ ಪುಟವೇ ತಿರುಗಿದ್ದರೆ ಅದು ಬರೀ ವಾಲಿದ ಫೋಟೋ. ಗ್ಯಾಲರಿಯಲ್ಲಿ ತಿರುಗಿಸಿದರೆ ಮುಗಿಯಿತು.

ಗೆರೆಗಳು ಒಂದು ಕಡೆ ದೂರ ದೂರ, ಇನ್ನೊಂದು ಕಡೆ ಹತ್ತಿರ ಹತ್ತಿರ ಬಂದಿದ್ದರೆ ಫೋಟೋವನ್ನು ಪಕ್ಕದಿಂದ ತೆಗೆದಿದ್ದಾರೆ ಎಂದರ್ಥ. ವಾಡಿ ಜಂಕ್ಷನ್‌ನಲ್ಲಿ ಪ್ಲಾಟ್‌ಫಾರ್ಮಿನ ತುದಿಗೆ ನಿಂತು ನೋಡಿ, ಎರಡೂ ಹಳಿ ದೂರದಲ್ಲಿ ಕೂಡಿಕೊಂಡ ಹಾಗೆ ಕಾಣುತ್ತವೆ. ಹಾಳೆಯಲ್ಲೂ ಹಾಗೇ. ಕ್ಯಾಮೆರಾದಿಂದ ದೂರ ಇರುವ ಬದಿಯ ಅಕ್ಷರ ಸಣ್ಣ, ಒತ್ತೊತ್ತು. ನಮ್ಮ ಫೋಟೋವನ್ನು ಬೆಂಚಿನ ಎಡಗಡೆಯಿಂದ ತೆಗೆದಿದ್ದರು. ಹಾಗಾಗಿ ಬಲ ಅಂಚಿನ ಅಕ್ಷರಗಳೇ ಎಲ್ಲಕ್ಕಿಂತ ಚಿಕ್ಕವು, ಕತ್ತರಿಸಿದ್ದೂ ಅಲ್ಲೇ.

ಇದನ್ನು ಸರಿಮಾಡಲು ಸ್ಕ್ಯಾನ್ ಆ್ಯಪ್‌ಗಳಲ್ಲಿ ಪುಟದ ನಾಲ್ಕು ಮೂಲೆ ಹಿಡಿದು ಎಳೆಯುವ ವ್ಯವಸ್ಥೆ ಇದೆ. ಆದರೆ ಎರಡು ಮೂಲೆ ಫೋಟೋದಲ್ಲೇ ಇಲ್ಲದಿದ್ದರೆ? ಇರುವ ಜಾಗದಲ್ಲಿ ಮೂಲೆ ಇಟ್ಟರೆ ಆ ಆ್ಯಪ್ ಹೊರಗಿನದನ್ನು ಇನ್ನಷ್ಟು ಕತ್ತರಿಸುತ್ತದೆ. ಅಲ್ಲಿ ಮೂಲೆ ಎಳೆಯಬೇಡಿ. ಫೋಟೋ ಎಡಿಟರ್‌ನಲ್ಲಿ ಎಡ-ಬಲ, ಮೇಲೆ-ಕೆಳಗೆ ವಾಲಿಸುವ ಪಟ್ಟಿ ಇರುತ್ತದೆ. ಅಡ್ಡ ಗೆರೆಗಳು ಸಮಾನಾಂತರ ಆಗುವವರೆಗೆ ಅದನ್ನು ಸರಿಸಿ. ಅಕ್ಷರ ನೋಡಿ ಸರಿಸಬೇಡಿ, ಗೆರೆ ನೋಡಿ ಸರಿಸಿ. ಹೀಗೆ ವಾಲಿಸಿದಾಗ ಮೂಲೆಗಳಲ್ಲಿ ಖಾಲಿ ಜಾಗ ಹುಟ್ಟುತ್ತದೆ. ಕೆಲವು ಆ್ಯಪ್ ಆ ಖಾಲಿಯನ್ನು ಪಕ್ಕದ ಚಿತ್ರ ಎಳೆದು ತುಂಬುತ್ತವೆ. ಅದನ್ನು ಬಿಳಿ ಬಣ್ಣಕ್ಕೆ ಹಾಕಿಕೊಳ್ಳಿ, ಇಲ್ಲವಾದರೆ ಯಾರೂ ಬರೆಯದ ಗೀಟು ಅಕ್ಷರದ ಹಾಗೆ ಕಂಡು ದಾರಿ ತಪ್ಪಿಸುತ್ತದೆ. ಹಾಗೇ ಕಪ್ಪು-ಬಿಳುಪು ಮಾಡುವ ಫಿಲ್ಟರ್ ಬೇಡ. ಪೆನ್ನು ತೆಳುವಾಗಿ ಎಳೆದ ಕಡೆ ಅದು ಪೂರ್ತಿ ಅಳಿಸಿಹಾಕುತ್ತದೆ.

ಮೂರನೆಯದು ಕೈಬರಹದ ಓರೆ. ಗೆರೆಗಳು ನೆಟ್ಟಗಿದ್ದೂ ಅಕ್ಷರ ಮಾತ್ರ ವಾಲಿರುತ್ತವೆ. ಇದನ್ನು ಫೋನಿನ ಎಡಿಟರ್ ಸುಲಭಕ್ಕೆ ಸರಿ ಮಾಡುವುದಿಲ್ಲ. ಓದುವವರೇ ಕಣ್ಣು ಒಗ್ಗಿಸಿಕೊಳ್ಳಬೇಕು.

ಕನ್ನಡ ಅಕ್ಷರ ವಾಲಿದಾಗ ಏನಾಗುತ್ತದೆ

ನಮ್ಮ ಲಿಪಿಯಲ್ಲಿ ಅಕ್ಷರ ಒಂದೇ ಸಾಲಿನಲ್ಲಿ ಕೂರುವುದಿಲ್ಲ. ಗುಡಿಸು ಮೇಲೆ, ಒತ್ತು ಕೆಳಗೆ, ಕೊಂಬು ಮತ್ತು ದೀರ್ಘ ಬಲಕ್ಕೆ. ಬರಹ ಬಲಕ್ಕೆ ವಾಲಿದರೆ ಮೇಲಿನದು ಬಲಕ್ಕೆ ಸರಿಯುತ್ತದೆ, ಕೆಳಗಿನದು ಎಡಕ್ಕೆ ಸರಿಯುತ್ತದೆ. ಅಂದರೆ ಗುಡಿಸು ಮುಂದಿನ ಅಕ್ಷರದ ತಲೆ ಮೇಲೆ ಕೂತ ಹಾಗೆ ಕಾಣುತ್ತದೆ, ಒತ್ತು ಹಿಂದಿನ ಅಕ್ಷರದ ಕಾಲ ಕೆಳಗೆ ಹೋದ ಹಾಗೆ ಕಾಣುತ್ತದೆ. ಇದು ಗೊತ್ತಿಲ್ಲದೆ ಓದಿದರೆ ಒತ್ತು ಒಬ್ಬರದು, ಅಕ್ಷರ ಇನ್ನೊಬ್ಬರದು ಆಗಿ ಪದವೇ ಕೆಡುತ್ತದೆ.

ನಮ್ಮ ಪುಟದಲ್ಲಿ ಇದಕ್ಕೆ ಸರಿಯಾದ ಉದಾಹರಣೆ ಸಿಕ್ಕಿತು. ಬಹಮನಿ ಆಸ್ಥಾನದಲ್ಲಿ ದಖನಿಗಳು, ಅಫಾಕಿಗಳು ಎಂದು ಎರಡು ಗುಂಪು ಇದ್ದವು. ಅಲ್ಲಿ "ಅಫಾಕಿ – ಹೊರಗಿನ" ಎಂದು ಸಾಲು ಕತ್ತರಿಸಿತ್ತು. ಹುಡುಗಿ ಕೂಡಲೇ "ಹೊರಗಿನವರು ಸರ್" ಎಂದಳು. ಅರ್ಥ ಸರಿಯೇ. ಆದರೆ ಕೆಳಗಿನ ಸಾಲು "ಬಂದವರು" ಎಂದು ಶುರುವಾಗಿತ್ತು. "ಹೊರಗಿನವರು ಬಂದವರು" ಎಂದು ಯಾರೂ ಬರೆಯುವುದಿಲ್ಲ. ಹಾಗಾದರೆ ಅದು "ಹೊರಗಿನಿಂದ ಬಂದವರು". ಮತ್ತೆ "ನಿ"ಯ ಗುಡಿಸು ಎಲ್ಲಿ ಹೋಯಿತು? ಬರಹ ಬಲಕ್ಕೆ ವಾಲಿದ್ದರಿಂದ ಗುಡಿಸು ಬಲಕ್ಕೆ ಸರಿದು ಫೋಟೋದ ಹೊರಗೆ ಬಿದ್ದಿತ್ತು. ನಮಗೆ ಕಂಡಿದ್ದು ಅದರ ಕೆಳಗಿನ "ನ" ಮಾತ್ರ. ಅಂಚಿನಲ್ಲಿರುವ ಅಕ್ಷರ ಪೂರ್ತಿ ಕಂಡರೂ ಅದನ್ನು ಪೂರ್ತಿ ನಂಬಬಾರದು ಎನ್ನುವುದು ಇದಕ್ಕೇ.

ಕಣ್ಣಿಗೆ ಸುಲಭವಾಗಲು ಒಂದು ಉಪಾಯ ಇದೆ. ಫೋನಿನ ಆಟೋ ರೊಟೇಟ್ ಆಫ್ ಮಾಡಿ. ಬರಹ ಬಲಕ್ಕೆ ವಾಲಿದ್ದರೆ ಫೋನಿನ ಮೇಲ್ತುದಿಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಹತ್ತು-ಹದಿನೈದು ಡಿಗ್ರಿ ಸಾಕು. ಸಾಲು ಮೇಲಕ್ಕೆ ಏರಿದ ಹಾಗೆ ಕಾಣುತ್ತದೆ, ಆದರೆ ಅಕ್ಷರ ನೆಟ್ಟಗೆ ನಿಲ್ಲುತ್ತದೆ. ಯಾವ ಗುಡಿಸು ಯಾರ ಮೇಲೆ ಎಂದು ಆಗ ತಿಳಿಯುತ್ತದೆ.

ಅದರ ಜೊತೆಗೆ ಬರೆದವರ ಕೈ ಗುರುತಿಸಿಕೊಳ್ಳಬೇಕು. ಅನುಮಾನವೇ ಇಲ್ಲದ ಪದ ಮೊದಲು ಹುಡುಕಿ. ಬಹಮನಿ ಪಾಠದಲ್ಲಿ "ಬಹಮನಿ", "ಬೀದರ್", "ರಾಜಧಾನಿ" ಇದ್ದೇ ಇರುತ್ತವೆ. ಅವುಗಳಲ್ಲಿ ಅವಳು ದ ಹೇಗೆ ಬರೆಯುತ್ತಾಳೆ, ಧ ಹೇಗೆ, ರ ಹೇಗೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡೆವು. "ರಾಜಧಾನಿ"ಯ ಧಾ ಮತ್ತು "ಬೀದರ್"ನ ದ ಪಕ್ಕಪಕ್ಕ ಇಟ್ಟು ನೋಡಿದಾಗ, ಅವಳು ಧ ಬರೆಯುವಾಗ ಕೆಳಗಿನ ಸೀಳನ್ನು ಬರೀ ಒಂದು ಚುಕ್ಕಿಯ ಹಾಗೆ ಒತ್ತುತ್ತಾಳೆ ಎಂದು ಗೊತ್ತಾಯಿತು. ಅಂಕಿಗಳಿಗೂ ಇದೇ ಕೆಲಸ ಮಾಡಬೇಕು, ಅಂಕಿಯಲ್ಲೇ ಅಪಾಯ ಜಾಸ್ತಿ.

ಬಲ ಅಂಚು ಹೋದರೆ ಹೋಗುವುದು ಏನು

ಕನ್ನಡದಲ್ಲಿ ಬಲ ಅಂಚು ಹೋದರೆ ನಷ್ಟ ದೊಡ್ಡದು. ದೀರ್ಘ, ಕೊಂಬು, ಸೊನ್ನೆ, ಅರ್ಕಾವೊತ್ತು ಎಲ್ಲ ಅಕ್ಷರದ ಬಲಗಡೆಗೇ ಬರುತ್ತವೆ. "ಕಾರ್ಯ"ವನ್ನು ಅರ್ಕಾವೊತ್ತು ಹಾಕಿ ಬರೆದಿದ್ದರೆ, ಅಂಚಿನಲ್ಲಿ ಅದು ಹೋಗಿ "ಕಾಯ" ಎಂದು ಉಳಿಯುತ್ತದೆ. ಅದೂ ಒಂದು ಪದವೇ ಆದ್ದರಿಂದ ಅನುಮಾನ ಬರುವುದಿಲ್ಲ. ಅಲ್ಲದೆ ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆಯಿತೋ ಇಲ್ಲವೋ ಎನ್ನುವುದು ಕೊನೆಯ ಎರಡು ಅಕ್ಷರದಲ್ಲಿ ಇರುತ್ತದೆ: "ಒಪ್ಪಿದನು", "ಒಪ್ಪಲಿಲ್ಲ".

ಆದರೆ ಎಷ್ಟು ಅಕ್ಷರ ಹೋಗಿದೆ ಎಂದು ಮೊದಲು ತಿಳಿದುಕೊಂಡರೆ ಊಹೆಗೆ ಲಗಾಮು ಬೀಳುತ್ತದೆ. ನಮ್ಮ ಪುಟದ ಮೊದಲ ಸಾಲು "ಅಲ್ಲಾವುದ್ದೀನ್ ಹಸನ್ 1347 – ಬಹಮನಿ ರಾಜ್ಯ ಸ್ಥಾ" ಎಂದು ನಿಂತಿತ್ತು. ಎರಡನೆಯ ಸಾಲು "ನೆ" ಎಂದು ಶುರು. ಕನ್ನಡದಲ್ಲಿ ಕೈಬರಹದವರು ಸಾಲು ತುಂಬಿದ ಕಡೆ ಪದವನ್ನು ಹಾಗೇ ಮುರಿದು ಕೆಳಗೆ ಹೋಗುತ್ತಾರೆ, ನಡುವೆ ಗೆರೆ ಹಾಕುವುದಿಲ್ಲ. ಆ ಅಭ್ಯಾಸ ಇಲ್ಲಿ ಉಪಕಾರ ಮಾಡಿತು. "ಸ್ಥಾಪನೆ". ಅಂದರೆ ಈ ಸಾಲಿನಲ್ಲಿ ಹೋಗಿದ್ದು ಒಂದೇ ಅಕ್ಷರ. ಕೆಳಗಿನ ಸಾಲುಗಳಲ್ಲೂ ಒಂದು, ಹೆಚ್ಚೆಂದರೆ ಎರಡು ಅಕ್ಷರದ ಜಾಗ. ಅದಕ್ಕಿಂತ ಉದ್ದದ ಊಹೆ ಯಾವುದೂ ನಡೆಯುವುದಿಲ್ಲ ಎಂದು ತೀರ್ಮಾನ ಆಯಿತು.

ಮುಂದೆ ಬಹಮನಿ ಪ್ರಧಾನಮಂತ್ರಿ ಮಹಮೂದ್ ಗವಾನನ ಸುಧಾರಣೆ. "4 ತರಫ್‌ಗಳನ್ನು ಎಂ" ಎಂದು ಕತ್ತರಿಸಿದೆ. ತರಫ್ ಎಂದರೆ ಪ್ರಾಂತ. "ಎಂ" ಎಂದರೆ ಎಂದು, ಎಂಬ, ಎಂಟು ಮೂರೂ ಆಗಬಹುದು. ಮೂರೂ ಆ ಜಾಗದಲ್ಲಿ ಹಿಡಿಸುತ್ತವೆ. ಕೆಳಗಿನ ಸಾಲು "ಮಾಡಿದನು". ನಾಲ್ಕನ್ನು ಎಂಟು ಮಾಡಿದನು ಎಂದರೆ ಮಾತ್ರ ವಾಕ್ಯ ಕೂಡುತ್ತದೆ, ಇತಿಹಾಸವೂ ಅದನ್ನೇ ಹೇಳುತ್ತದೆ: ಮಹಮೂದ್ ಗವಾನ್ ನಾಲ್ಕು ಪ್ರಾಂತಗಳನ್ನು ಎಂಟಾಗಿ ಒಡೆದು ಪ್ರಾಂತಾಧಿಕಾರಿಗಳ ಬಲ ಕಡಿಮೆ ಮಾಡಿದ.

ಇಸವಿಗಳನ್ನು ಊಹಿಸಬಾರದು, ಕಟ್ಟಿಹಾಕಬೇಕು

ಪದಕ್ಕೆ ಅರ್ಥದ ಆಸರೆ ಇದೆ. ಅಂಕಿಗೆ ಇಲ್ಲ. 1422 ಆದರೂ 1427 ಆದರೂ ಸಾಲು ಚೆನ್ನಾಗೇ ಓದಿಸಿಕೊಳ್ಳುತ್ತದೆ. ಹಾಗಾಗಿ ಅಂಕಿಗೆ ಪುಟದಲ್ಲೇ ಬೇರೆ ಸಾಕ್ಷಿ ಬೇಕು.

"ಫಿರೋಜ್ ಷಾ (1397–14" ಎಂದು ಒಂದು ಸಾಲು. ಅದರ ಕೆಳಗೆ "ಅಹಮದ್ ಷಾ (1422–36)" ಎಂದು ಪೂರ್ತಿ ಇದೆ. ಒಬ್ಬ ಇಳಿದ ವರ್ಷವೇ ಇನ್ನೊಬ್ಬ ಏರಿದ ವರ್ಷ. ಫಿರೋಜನದು 1422. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಒಯ್ದವನು ಈ ಅಹಮದ್ ಷಾ, ಆ ಸಾಲಿನಲ್ಲಿ "ಬೀದ" ಎಂದು ನಿಂತದ್ದು "ಬೀದರ್‌ಗೆ" ಎಂದು ತಾನಾಗೇ ತುಂಬಿತು.

ಗವಾನನ ಮರಣದಂಡನೆಯ ಇಸವಿ ಕತ್ತರಿಸಿರಲಿಲ್ಲ. ಪೂರ್ತಿ ಕಾಣುತ್ತಿತ್ತು, ಆದರೆ 1481 ಅಥವಾ 1487 ಎನ್ನುವ ಅನುಮಾನ. ಓರೆ ಬರಹದಲ್ಲಿ 1ಕ್ಕೆ ಮೇಲೆ ಸಣ್ಣ ಮೂಗು ಎಳೆದರೆ 7ರ ಹಾಗೇ ಕಾಣುತ್ತದೆ. ನಾವು "1347" ಸಾಲಿಗೆ ವಾಪಸ್ ಹೋದೆವು. ಅಲ್ಲಿ 1ಕ್ಕೆ ಮೂಗು ಇದೆ, 7ಕ್ಕೆ ನಡುವೆ ಅಡ್ಡ ಗೀಟು ಇದೆ. ಅನುಮಾನದ ಅಂಕಿಗೆ ಅಡ್ಡ ಗೀಟು ಇಲ್ಲ. ಹಾಗಾದರೆ 1. ಇನ್ನೂ ಒಂದು ಸಾಕ್ಷಿ ಕೆಳಗೇ ಇತ್ತು: "ಮೂರನೇ ಮಹಮದ್ ಷಾ ಮರಣ 1482". ಗವಾನನಿಗೆ ಶಿಕ್ಷೆ ಕೊಟ್ಟವನೇ ಆ ಸುಲ್ತಾನ. ಅವನು ಸತ್ತ ಐದು ವರ್ಷಕ್ಕೆ ಶಿಕ್ಷೆ ಆಗಲು ಸಾಧ್ಯವಿಲ್ಲ. 1481 ಗಟ್ಟಿಯಾಯಿತು.

ಬೀದರ್‌ನ ಮದರಸಾದ ಸಾಲು ಕಷ್ಟ ಕೊಟ್ಟಿತು. "3 ಅಂತಸ್ತು, ಗ್ರಂಥಾಲಯ, 147" ಅಷ್ಟೇ. ಕೊನೆಯ ಅಂಕಿ ಹೊರಗೆ. 1470ರಿಂದ 1479ರವರೆಗೆ ಹತ್ತು ದಾರಿ, ಪುಟದಲ್ಲಿ ಇದನ್ನು ಹೇಳುವ ಬೇರೆ ಸಾಲಿಲ್ಲ. ಆಗ ನೆನಪಾಗಿದ್ದು ಮುಂದಿನ ಫೋಟೋ. ಇದು ನೋಟ್‌ಬುಕ್ಕಿನ ಎಡಗಡೆಯ ಪುಟ, ಬಲ ಅಂಚು ಹೊಲಿಗೆಯ ಕಡೆಗೆ ಬಾಗಿ ಹೋಗಿದೆ. ಬಲಗಡೆಯ ಪುಟದ ಫೋಟೋ ತೆಗೆಯುವಾಗ ಎಡ ಪುಟದ ಒಂದು ಪಟ್ಟಿಯೂ ಅದರಲ್ಲಿ ಬಂದುಬಿಡುತ್ತದೆ. ನೋಡಿದರೆ ಹಾಗೇ ಇತ್ತು. ಬಹಳ ಭಾಗಕ್ಕೆ ಹೆಬ್ಬೆರಳು ಅಡ್ಡ ಬಂದಿತ್ತು, ಎರಡೇ ಸಾಲಿನ ತುದಿ ಕಂಡಿತು. ಅದರಲ್ಲಿ ಒಂದು ಈ ಸಾಲಿನದು. ಅಂಕಿಯ ಕೆಳಗಿನ ಅರ್ಧ ಮಾತ್ರ: ನೆಲದ ಮೇಲೆ ಮಲಗಿ ಬಲಕ್ಕೆ ಹರಿದ ಒಂದು ಗೀಟು. ಹಾಗೆ ಮುಗಿಯುವ ಅಂಕಿ 2 ಒಂದೇ. ಪಠ್ಯಪುಸ್ತಕ ತೆಗೆದು ನೋಡಿದೆವು, 1472. ಇಂಥ ಕಡೆ ಪುಸ್ತಕ ನೋಡದೆ ಬರೆದುಕೊಳ್ಳಬಾರದು.

ಕೆಳಗಿನ ಅರ್ಧ ಸಾಲು

ಕೆಳಗೆ ಕತ್ತರಿಸಿದ ಸಾಲಿನಲ್ಲಿ ಒತ್ತುಗಳೆಲ್ಲ ಹೋಗಿರುತ್ತವೆ. "ಮುಖ್ಯ" ಎನ್ನುವುದು "ಮುಖ" ಆಗುತ್ತದೆ, "ಹಳ್ಳಿ" ಎನ್ನುವುದು "ಹಳಿ". ಆದರೆ ತಲೆಕಟ್ಟು, ಗುಡಿಸು, ಏತ್ವ ಉಳಿದಿರುತ್ತವೆ, ಅವು ಬಹಳ ಹೇಳುತ್ತವೆ. ನಮ್ಮ ಪುಟದ ಕೊನೆಗೆ ಬಹಮನಿ ಒಡೆದು "5 ರಾಜ್ಯಗಳು" ಆದವು ಎಂದಿತ್ತು. ಬಿಜಾಪುರ, ಗೋಲ್ಕೊಂಡ, ಅಹಮದ್‌ನಗರ, ಬೀದರ್ ಓದಲು ಬಂದವು. ಐದನೆಯದು ಅರ್ಧ ಸಾಲಿನಲ್ಲಿ. "ಬ" ಕಾಣುತ್ತದೆ, ತಲೆ ಮೇಲೆ ಗುಡಿಸಿನ ಸುತ್ತು ಇಲ್ಲ, ಏತ್ವದ ಗೀಟು ಇದೆ. ಬೀದರ್ ಮೊದಲೇ ಬಂದಾಗಿದೆ. ಉಳಿದಿದ್ದು ಬೇರಾರ್.

ಇನ್ನೊಂದು ಪ್ರತಿ

ನಮ್ಮ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನದ ಒಂದು ಕಲ್ಲು ಸಿಕ್ಕಿದೆ. ಅದನ್ನು ಹಿಂದೆ ಯಾವಾಗಲೋ ವಿಗ್ರಹದ ಪೀಠವಾಗಿ ಬಳಸಿದ್ದರು, ಹಾಗಾಗಿ ಬರಹ ಪೂರ್ತಿ ಉಳಿದಿಲ್ಲ. ಆದರೆ ಅಶೋಕ ಒಂದೇ ಮಾತನ್ನು ಹಲವು ಊರುಗಳಲ್ಲಿ ಬರೆಸಿದ್ದ. ಸನ್ನತಿಯ ಶಾಸನದ ಒಂದು ಭಾಗ ಒಡಿಶಾದ ಧೌಲಿ, ಜೌಗಡಗಳಲ್ಲೂ ಇದೆ. ಇಲ್ಲಿ ಹೋದದ್ದನ್ನು ಅಲ್ಲಿನದರ ಜೊತೆ ಇಟ್ಟು ನೋಡಬಹುದು. ಕ್ಲಾಸಿನ ನೋಟ್ಸ್ ಕೂಡ ಹಾಗೇ. ಅದೇ ದಿನ ಅದೇ ಪಾಠ ಕೇಳಿದ ಇನ್ನೊಬ್ಬರ ನೋಟ್‌ಬುಕ್ ಇದ್ದರೆ ಅದೇ ಎರಡನೆಯ ಪ್ರತಿ. ಅಕ್ಷರಕ್ಕೆ ಅಕ್ಷರ ಒಂದೇ ಇರುವುದಿಲ್ಲ, ಆದರೆ ಇಸವಿ, ಹೆಸರು, ಪಟ್ಟಿಯ ಕ್ರಮ ಒಂದೇ ಇರುತ್ತದೆ.

ಶಾಸನ ಓದುವವರ ಇನ್ನೊಂದು ಪದ್ಧತಿಯನ್ನೂ ನಾವು ತೆಗೆದುಕೊಂಡೆವು. ಕಂಡದ್ದನ್ನು ಹಾಗೇ ಬರೆಯುವುದು, ನಾವು ತುಂಬಿದ್ದನ್ನು ಚೌಕ ಬ್ರಾಕೆಟ್‌ನಲ್ಲಿ ಬರೆಯುವುದು, ತುಂಬಲು ಆಗದ ಕಡೆ ಚುಕ್ಕಿ ಇಡುವುದು. ಸ್ಥಾ[ಪ]ನೆ, ಎಂ[ಟು], 14[22], 147[2]. ಹೀಗೆ ಬರೆಯದಿದ್ದರೆ ಎರಡು ದಿನಕ್ಕೇ ಯಾವುದು ಗೆಳತಿ ಬರೆದದ್ದು, ಯಾವುದು ನಮ್ಮ ಊಹೆ ಎಂದು ಮರೆತುಹೋಗುತ್ತದೆ.

ಮರುದಿನ ಗೆಳತಿ ಬಂದು, ಹೊಲಿಗೆಯ ಹತ್ತಿರ ಪುಟವನ್ನು ಅಂಗೈಯಿಂದ ಚಪ್ಪಟೆ ಒತ್ತಿ, ಸರಿಯಾಗಿ ಮೇಲಿನಿಂದ ಫೋಟೋ ತೆಗೆದು Document ಎಂದು ಕಳಿಸಿದಳು. ಬ್ರಾಕೆಟ್ ಹಾಕಿದ್ದನ್ನೆಲ್ಲ ಒಂದೊಂದಾಗಿ ಹೋಲಿಸಿದೆವು. ಒಂದು ಬಿಟ್ಟು ಎಲ್ಲ ಸರಿ ಇತ್ತು. "ಬೀದರ್‌ನಲ್ಲಿ ದೊಡ್ಡ ಮದರಸಾ ಕಟ್ಟಿ" ಎಂದು ಕತ್ತರಿಸಿದ್ದ ಕಡೆ ನಾವು [ಸಿದ] ಎಂದು ತುಂಬಿದ್ದೆವು. ಗೆಳತಿ ಬರೆದದ್ದು "ಕಟ್ಟಿದ". ನಮ್ಮದು ತಪ್ಪು ಇತಿಹಾಸ ಅಲ್ಲ, ಆದರೆ ಪುಟದಲ್ಲಿ ಇದ್ದದ್ದು ಅದಲ್ಲ. ಹುಡುಗಿ [ಸಿ] ಎನ್ನುವುದರ ಮೇಲೆ ಒಂದು ಗೀಟು ಎಳೆದಳು.